ಅವರು ಬರೆಯುತ್ತಿದ್ದಾಗ ನಾನು ಮುಗಿದ ಕೈ

ಮೈಕು ಕೈಕೊಡಬಹುದಿತ್ತು. ಕರೆಂಟು ಹೋಗಬಹುದಿತ್ತು. ಹೋದರೆ ಜನರೇಟರ್ ಇದೆ ಎಂದ ಸಭಾಂಗಣದ ಮ್ಯಾನೇಜರು ಅದರಲ್ಲಿ ಡೀಸೆಲ್ ಇದೆ ಎಂದು ಎಲ್ಲೂ ಹೇಳಿರಲಿಲ್ಲ. ನವರಾತ್ರಿಯ ಮಳೆ ಸರಿಯಾಗಿ ಜನ ಮನೆ ಬಿಡುವ ಹೊತ್ತಿಗೆ ಸುರಿದು, ಮಲ್ಲೇಶ್ವರದ ಅಡ್ಡರಸ್ತೆಗಳಲ್ಲೆಲ್ಲ ನೀರು ನಿಂತು, ನಾವು ನಾವೇ ಹಾಡಿ ನಾವು ನಾವೇ ಚಪ್ಪಾಳೆ ತಟ್ಟಿಕೊಂಡು ಬರಬೇಕಾಗಬಹುದಿತ್ತು. ಮೃದಂಗದವರು ಅದೇ ಸಂಜೆ ಇನ್ನೊಂದು ಕಡೆ ಒಪ್ಪಿಕೊಂಡಿರಬಹುದಿತ್ತು. ಕೋಸಂಬರಿಯ ಸೌತೆಕಾಯಿ ಕಹಿ ಇರಬಹುದಿತ್ತು. ಕಹಿ ಇಲ್ಲದಿದ್ದರೆ ಹಳಸಬಹುದಿತ್ತು. ವೇದಿಕೆಯ ಮೆಟ್ಟಿಲಲ್ಲಿ ಯಾರಾದರೂ ಜಾರಬಹುದಿತ್ತು. ಆ ಯಾರಾದರೂ ನಾನೇ ಆಗಿರಬಹುದಿತ್ತು. ಗುಂಪುಹಾಡಿನ ಎರಡನೆಯ ಚರಣದಲ್ಲಿ ನನಗೆ ಸಾಹಿತ್ಯ ಮರೆತು, ಮೀನಿನ ಹಾಗೆ ಬಾಯಿ ಮಾತ್ರ ಆಡಿಸುತ್ತಿರುವುದನ್ನು ಮುಂದಿನ ಸಾಲಿನಲ್ಲಿ ಕೂತ ನಾದಿನಿ ಫೋನಿನಲ್ಲಿ ಹಿಡಿದುಕೊಳ್ಳಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ.

ಆಗಲಿಲ್ಲ ಎನ್ನುವುದಕ್ಕೆ ನನಗೆ ಸಮಾಧಾನಕ್ಕಿಂತ ಒಂದು ಬಗೆಯ ಅವಮಾನವೇ ಆಯಿತು. ಅಷ್ಟು ದಿನ ಅಷ್ಟು ಶ್ರದ್ಧೆಯಿಂದ ಪಟ್ಟ ಚಿಂತೆಯಲ್ಲಿ ಒಂದಾದರೂ ನಿಜವಾಗಬಾರದೇ? ನನ್ನ ಚಿಂತೆಯ ಸ್ವಭಾವ ನಮ್ಮ ಮನೆಯವರಿಗೆ ಹಳೆಯ ತಮಾಷೆ. ‘ಗ್ಯಾಸ್ ಆಫ್ ಆಗಿದ್ಯಾ ಅಂತ ನೋಡೋಕೆ ಅರ್ಧ ದಾರಿಯಿಂದ ವಾಪಸ್ ಬರ್ತಾಳೆ, ಬಂದವಳು ಬಾಗ್ಲು ಹಾಕೋದು ಮರೀತಾಳೆ’ ಎಂದು ಅವರು ಬಂದವರಿಗೆಲ್ಲ ಹೇಳುತ್ತಾರೆ. ಆಕ್ಷೇಪಿಸುವ ಹಾಗಿಲ್ಲ. ಒಂದು ಸಲ ಹಾಗೆ ಆಗಿದೆ.

ಬಸವನಗುಡಿಯಲ್ಲಿ, ಗವಿಪುರಂ ಕಡೆಗೆ ಇಳಿಯುವ ರಸ್ತೆಯ ಒಂದು ಮನೆಯಲ್ಲಿ, ಶನಿವಾರ ಮಧ್ಯಾಹ್ನ ನಾವು ಹತ್ತಾರು ಹೆಂಗಸರು ಸೇರಿ ದೇವರನಾಮ ಕಲಿಯುತ್ತೇವೆ. ಕಲಿಯುತ್ತೇವೆ ಎನ್ನುವುದು ದೊಡ್ಡ ಮಾತು. ಮೊದಲು ಕಾಫಿ, ನಡುವೆ ಹಾಡು, ಕೊನೆಗೆ ಮತ್ತೆ ಕಾಫಿ. ಈ ತರಗತಿ ಶುರುವಾದದ್ದು ಚಾಮರಾಜಪೇಟೆಯಲ್ಲಿ, ನಮ್ಮ ಟೀಚರ್ ಮನೆಯ ಮುಂದಿನ ಕೋಣೆಯಲ್ಲಿ. ಟೀಚರ್ ನಿಜವಾಗಿಯೂ ಟೀಚರೇ. ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತರಾದವರು. ಈಗ ಎಂಬತ್ತರ ಹತ್ತಿರ. ಅವರ ಹತ್ತಿರ ಕಲಿತ ಹಾಡುಗಳಲ್ಲಿ ಅರ್ಧ ನನಗೆ ಮರೆತಿವೆ. ಆದರೆ ಒಂದು ಅಭ್ಯಾಸ ಮಾತ್ರ ಕೈಯಲ್ಲಿ ಕೂತಿದೆ. ಶ್ರುತಿಪೆಟ್ಟಿಗೆ ಹಾಕಿದ ಮೇಲೆ, ಹಾಡುವವರು ಕಣ್ಣುಮುಚ್ಚಿ ಎದೆಯ ಮುಂದೆ ಕೈ ಜೋಡಿಸಬೇಕು. ಶ್ರುತಿ ಕಿವಿಗೆ ಪೂರ್ತಿ ಇಳಿಯುವವರೆಗೆ ಹಾಗೇ ಇರಬೇಕು. ಆಮೇಲೆ ಬಾಯಿ ತೆರೆಯಬೇಕು. ಯಾರಾದರೂ ಆತುರದಲ್ಲಿ ಸೀದಾ ಹಾಡಲು ಹೊರಟರೆ ಟೀಚರ್ ತೊಡೆ ತಟ್ಟಿ ನಿಲ್ಲಿಸುತ್ತಿದ್ದರು.

‘ಮೊದ್ಲು ಕೈ. ಆಮೇಲೆ ಬಾಯಿ.’

ಹಾಡು ಮುಗಿದ ಮೇಲೆ ಕೈ ಜೋಡಿಸಿದರೂ ಬೈಗುಳವೇ. ‘ಹಾಡಿಯಾಯ್ತಲ್ಲ, ಇನ್ನೇನು ನಮಸ್ಕಾರ? ನೀರು ಕುಡಿ.’

ಪ್ರತಿ ನವರಾತ್ರಿಯಲ್ಲೂ ಮಲ್ಲೇಶ್ವರದ ಒಂದು ಸಣ್ಣ ಸಭಾಂಗಣದಲ್ಲಿ ನಮ್ಮದೊಂದು ಕಾರ್ಯಕ್ರಮ. ಕೇಳಲು ಬರುವವರು ಹೆಚ್ಚಾಗಿ ಹಾಡುವವರ ಗಂಡಂದಿರು, ಅತ್ತೆಯಂದಿರು, ಕೋಸಂಬರಿಗೆ ಬರುವ ಅಕ್ಕಪಕ್ಕದವರು. ಮೊದಲ ದೇವರನಾಮ ಯಾವಾಗಲೂ ಟೀಚರದು. ಆದರೆ ಕಳೆದ ಬೇಸಿಗೆಯಿಂದ ಅವರ ಗಂಟಲು ಕೆಟ್ಟಿತ್ತು. ಡಾಕ್ಟರು ದನಿಗೆ ವಿಶ್ರಾಂತಿ ಕೊಡಿ ಎಂದಿದ್ದರು. ಶನಿವಾರದ ತರಗತಿಗೂ ಅವರು ಬರುತ್ತಿರಲಿಲ್ಲ. ಈ ಸಲ ಹಾಡುತ್ತಾರೋ ಇಲ್ಲವೋ? ಹಾಡಿದರೆ ಅದೇ ಕೊನೆಯ ಸಲವಾಗಬಹುದು ಎಂದು ನಮಗೆಲ್ಲ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವರನ್ನು ಕೇಳುವ ಕೆಲಸ ನನಗೆ ಬಂತು. ನಮ್ಮ ಗುಂಪಿನ ಯಜಮಾನಿಕೆ ವಹಿಸಿಕೊಂಡಿರುವ ಗೆಳತಿ, ಅಂದರೆ ಆ ಬಸವನಗುಡಿ ಮನೆಯವಳು, ಕಾರಣವನ್ನೂ ಕೊಟ್ಟಳು.

‘ನೀನೇ ಕೇಳೇ. ನಿಂಗೆ ನಯವಾಗಿ ಮಾತಾಡಕ್ ಬರತ್ತೆ. ನಾನು ಕೇಳಿದ್ರೆ ಪೊಲೀಸ್ನೋರು ಕೇಳಿದ್ ಹಾಗಿರತ್ತೆ.’

ಫೋನಿನಲ್ಲಿ ಟೀಚರಿಗೆ ಸರಿಯಾಗಿ ಕೇಳುವುದಿಲ್ಲ. ಕಿವಿಯ ಯಂತ್ರ ಕುಯ್ ಎನ್ನುತ್ತದೆ. ಏನಿದ್ದರೂ ಮೆಸೇಜು ಮಾಡಿ ಎಂದು ಅವರೇ ಹೇಳಿದ್ದರು. ಚಾಮರಾಜಪೇಟೆಗೆ ಹೋಗಿ ಎದುರಿಗೇ ಕೇಳಬಹುದಿತ್ತು. ಆದರೆ ಎದುರಿಗೆ ಕೇಳಿದರೆ ಪಾಪ, ಇಷ್ಟವಿಲ್ಲದಿದ್ದರೂ ಇಲ್ಲ ಎನ್ನಲಾರರು ಎಂಬ ಚಿಂತೆ ನನಗೆ. ಹಾಗಾಗಿ ಬರೆದೆ.

‘ನಮಸ್ಕಾರ ಟೀಚರ್. ಈ ಸಲವೂ ಮೊದಲ ಹಾಡು ನೀವೇ ಹಾಡಬೇಕೆಂದು ನಮ್ಮೆಲ್ಲರ ಆಸೆ. ಹಾಡುತ್ತೀರಾ?’

ಇಷ್ಟಕ್ಕೆ ಫೋನು ಕೆಳಗಿಟ್ಟಿದ್ದರೆ ಈ ಬರಹಕ್ಕೆ ಅವಕಾಶವೇ ಇರುತ್ತಿರಲಿಲ್ಲ. ಇಡಲಿಲ್ಲ. ಇದು ಒತ್ತಾಯದ ಹಾಗೆ ಕೇಳಿಸಿತೇನೋ ಎಂದುಕೊಂಡು ಇನ್ನೊಂದು ಬರೆದೆ: ‘ಗಂಟಲಿಗೆ ಶ್ರಮ ಅನ್ನಿಸಿದರೆ ಖಂಡಿತ ಬೇಡ.’ ಅದು ಬೇಡವೆಂದೇ ಹೇಳಿದ ಹಾಗಾಯಿತೇನೋ ಎಂದು ಮತ್ತೊಂದು: ‘ಹಾಡದಿದ್ದರೂ ನೀವು ಬಂದು ಕೂತರೆ ಅದೇ ನಮಗೆ ಆಶೀರ್ವಾದ.’ ಬರಲೇಬೇಕೆಂದು ಕಟ್ಟಿಹಾಕಿದ ಹಾಗಾಯಿತೇನೋ ಎಂದು ಮಗದೊಂದು: ‘ನಿಮ್ಮ ಅನುಕೂಲ ನೋಡಿಕೊಳ್ಳಿ, ಏನೂ ತಿಳಿದುಕೊಳ್ಳುವುದಿಲ್ಲ.’ ಇನ್ನೂ ಒಂದು ಕಳಿಸಿದ್ದರೆ ನವರಾತ್ರಿಯೇ ಬೇಡ ಬಿಡಿ ಎಂದು ಬರೆಯುತ್ತಿದ್ದೆನೇನೋ.

ಮೆಸೇಜುಗಳ ಪಕ್ಕದ ಗುರುತುಗಳು ನೀಲಿಯಾದವು. ಓದಿದ್ದಾರೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು.

🙏

ಅಷ್ಟೇ. ಹಿಂದೆ ಮುಂದೆ ಒಂದು ಅಕ್ಷರವಿಲ್ಲ. ಅವರ ಹೆಸರಿನ ಕೆಳಗೆ ‘ಟೈಪಿಂಗ್’ ಎಂದು ಕಾಣಿಸಿತು, ಮಾಯವಾಯಿತು, ಮತ್ತೆ ಕಾಣಿಸಿತು. ಪಾಪ, ಕನ್ನಡಕ ಸರಿಮಾಡಿಕೊಂಡು, ಒಂದೇ ಬೆರಳಿನಲ್ಲಿ ಅಕ್ಷರ ಹುಡುಕುತ್ತ, ಇಲ್ಲ ಎನ್ನುವುದನ್ನು ನೋಯದ ಹಾಗೆ ಹೇಗೆ ಬರೆಯುವುದೆಂದು ಒದ್ದಾಡುತ್ತಿದ್ದಾರೆ ಎಂದುಕೊಂಡೆ. ವಯಸ್ಸಾದವರಿಗೆ ಯಾಕಿಷ್ಟು ಕಷ್ಟ? ನನಗೆ ಅರ್ಥವಾಗಿದೆ, ನೀವು ಬರೆಯಬೇಕಾಗಿಲ್ಲ ಎಂಬ ಭಾವದಿಂದ ನಾನೂ ಒಂದು ಕೈಮುಗಿದ ಚಿತ್ರ ಕಳಿಸಿದೆ. ‘ಟೈಪಿಂಗ್’ ನಿಂತಿತು. ನನ್ನ ಮನಸ್ಸು ಹಗುರವಾಯಿತು. ಒಬ್ಬರಿಗೆ ತೊಂದರೆ ತಪ್ಪಿಸಿದೆ ಎಂದುಕೊಂಡಾಗ ನನಗೆ ಆಗುವಷ್ಟು ಸಂತೋಷ ಬೇರೆ ಯಾವುದರಿಂದಲೂ ಆಗುವುದಿಲ್ಲ.

ಶನಿವಾರ ತರಗತಿಯಲ್ಲಿ ಫೋನು ಕೈಯಿಂದ ಕೈಗೆ ಹೋಯಿತು.

‘ಇದು ಥ್ಯಾಂಕ್ಸ್ ಕಣ್ರೇ,’ ಎಂದರು ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು. ‘ಕೇಳಿದ್ದಕ್ಕೆ ಸಂತೋಷ ಅಂತ. ಹಾಡ್ತಾರೆ.’

‘ಥ್ಯಾಂಕ್ಸ್ ಅಂದ್ರೆ ಹಾಡ್ತಾರೆ ಅಂತ ಹೇಗಾಗತ್ತೆ?’ ಎಂದಳು ನಮ್ಮ ಯಜಮಾನಿ. ‘ಇವಳು ಬರೆದಿರೋದು ನೋಡಿ. ಒಂದು ಕಡೆ ಹಾಡಿ ಅಂತಾಳೆ, ಇನ್ನೊಂದು ಕಡೆ ಬೇಡ ಅಂತಾಳೆ, ಆಮೇಲೆ ಬರ್ಲೇಬೇಕಾಗಿಲ್ಲ ಅಂತಾಳೆ. ಯಾವುದಕ್ಕೆ ಥ್ಯಾಂಕ್ಸು? ಬೇಡ ಅಂದಿದ್ದಕ್ಕೂ ಥ್ಯಾಂಕ್ಸ್ ಇರ್ಬಹುದಲ್ಲ?’

‘ನಂಗೇನೋ ದೇವ್ರಿಗೆ ಕೈ ಮುಗ್ದಿರೋ ಹಾಗಿದೆ. ಎಲ್ಲ ಅವನ ಇಚ್ಛೆ ಅಂತ,’ ಎಂದರು ಇನ್ನೊಬ್ಬರು.

‘ಅದೂ ಅಲ್ಲ. ನಿಮ್ಗೊಂದು ನಮಸ್ಕಾರ, ನನ್ನ ಬಿಟ್ಬಿಡ್ರಮ್ಮಾ ಅಂತ. ಅಷ್ಟೇ. ಮನೇಲಿ ಸೇಲ್ಸ್‌ನೋರು ಬಂದ್ರೆ ನಾನೂ ಹಿಂಗೇ ಕೈ ಮುಗ್ದು ಬಾಗ್ಲು ಹಾಕ್ತೀನಿ.’

ಎಲ್ಲರೂ ನಕ್ಕರು. ನಾನೂ ನಕ್ಕೆ. ನಮ್ಮಲ್ಲಿ ಬೇಡವೆನ್ನುವುದಕ್ಕೂ ಕೈ ಮುಗಿಯುತ್ತೇವೆ ಎಂಬುದು ನಿಜವೇ ತಾನೆ? ಬಡಿಸುವವರು ಮತ್ತೊಂದು ಸೌಟು ಅನ್ನ ತಂದಾಗ ಎಲೆಯ ಮೇಲೆ ಅಡ್ಡ ಹಿಡಿದ ಕೈ ಸಾಲದೆ ಹೋದರೆ ಎರಡೂ ಕೈ ಜೋಡಿಸುತ್ತೇವೆ. ಅದಾದ ಮೇಲೆ ಯಾರೂ ಒತ್ತಾಯ ಮಾಡುವುದಿಲ್ಲ.

ಆದರೂ ಮನಸ್ಸು ಒಪ್ಪಲಿಲ್ಲ. ಭಾನುವಾರ ಬೆಳಿಗ್ಗೆ ಬ್ಯಾಡ್ಮಿಂಟನ್ ಮುಗಿಸಿ ಬಂದು ಕಾಫಿಗೆ ಕೂತ ಮಗಳ ಮುಂದೆ ಫೋನು ಹಿಡಿದೆ. ಅವಳು ನೋಡಿದ್ದೇ ತಡ, ನಗಲು ಶುರುಮಾಡಿದಳು.

‘ಹೈ ಫೈವ್ ಇರ್ಬಹುದಮ್ಮಾ.’

‘ಎಂಬತ್ತರ ಹತ್ರದ ಟೀಚರು ನಂಗೆ ಹೈ ಫೈವ್ ಕೊಡ್ತಾರೇನೆ?’

‘ನನ್ನ ಡಬಲ್ಸ್ ಪಾರ್ಟ್ನರ್ ಇದಾಳಲ್ಲ, ಗೆದ್ದಾಗೆಲ್ಲ ಗ್ರೂಪಲ್ಲಿ ಇದನ್ನೇ ಹಾಕ್ತಾಳೆ. ಜೊತೇಲಿ ಟ್ರೋಫಿ, ಬಣ್ಣದ ಕಾಗ್ದ ಹಾರೋದು. ಮೊದ್ಲೆಲ್ಲ ಇವಳು ಯಾಕಪ್ಪಾ ಇಷ್ಟು ಭಕ್ತಿ ತೋರಿಸ್ತಾಳೆ ಅನ್ಕೊಂಡಿದ್ದೆ. ಕೇಳಿದ್ರೆ, ಎರಡು ಜನ ಅಂಗೈ ತಟ್ಟೋದಲ್ವಾ ಅಂತಾಳೆ.’

ಹಿಂದೆ ಕೆಲವು ಫೋನುಗಳಲ್ಲಿ ಈ ಚಿತ್ರದ ಕೈಗಳ ಹಿಂದೆ ಹಳದಿ ಕಿರಣಗಳೂ ಇದ್ದವಂತೆ. ಭಕ್ತರಿಗೆ ಅದು ಪ್ರಭೆ. ಅವಳ ಗೆಳತಿಯಂಥವರಿಗೆ ಅಂಗೈ ಪಟ್ಟೆಂದು ತಾಗಿದಾಗಿನ ಕಿಡಿ. ಮಗಳು ಚಿತ್ರ ದೊಡ್ಡದು ಮಾಡಿ ತೋರಿಸಿದಳು. ಎರಡೂ ತೋಳುಗಳು ಒಂದೇ ಬಣ್ಣ, ಇಬ್ಬರದಾಗಿದ್ದರೆ ಬೇರೆ ಬೇರೆ ಇರಬಹುದಿತ್ತು. ಚರ್ಮದ ಬಣ್ಣ ಬದಲಿಸಿದರೂ ಎರಡು ಕೈಗೂ ಒಂದೇ ಬಣ್ಣ ಬರುತ್ತದೆ. ಆಮೇಲೆ ಹೆಬ್ಬೆರಳು. ‘ಬಲಗೈ ಎತ್ತಮ್ಮಾ’ ಎಂದಳು. ನಾನು ಎತ್ತಿದೆ. ಅವಳೂ ಬಲಗೈ ಎತ್ತಿ ಕಾಫಿ ಲೋಟದ ಮೇಲೆ ನನ್ನ ಅಂಗೈಗೆ ತಟ್ಟಿದಳು. ನನ್ನ ಹೆಬ್ಬೆರಳು ಕಿಟಕಿಯ ಕಡೆ, ಅವಳದು ಗೋಡೆಯ ಕಡೆ. ‘ಈಗ ನಿನ್ನ ಎರಡೂ ಕೈ ಜೋಡ್ಸು.’ ಜೋಡಿಸಿದೆ. ಎರಡು ಹೆಬ್ಬೆರಳೂ ನನ್ನ ಎದೆಯ ಕಡೆಗೇ. ಚಿತ್ರದಲ್ಲೂ ಎರಡು ಹೆಬ್ಬೆರಳು ಒಂದೇ ಕಡೆ. ‘ಅಂದ್ರೆ ಒಬ್ಬರದೇ ಕೈ. ಚಿತ್ರ ಬಿಡಿಸಿದವರ ಪ್ರಕಾರ ಹೈ ಫೈವ್ ಅಲ್ಲ. ಜಪಾನಿನ ಫೋನುಗಳಿಂದ ಬಂದಿದ್ದಂತೆ ಇದು. ಅಲ್ಲಿ ಪ್ಲೀಸು, ಥ್ಯಾಂಕ್ಸು ಎರಡಕ್ಕೂ ಹಾಕ್ತಾರಂತೆ.’

‘ಹಾಗಾದ್ರೆ ತೀರ್ಮಾನ ಆಯ್ತಲ್ಲ.’

‘ಎಲ್ಲಾಯ್ತು? ಬಿಡಿಸಿದವರ ಮನಸ್ಸಲ್ಲಿ ಏನಿತ್ತು ಅಂತ ಗೊತ್ತಾಯ್ತು. ಕಳ್ಸೋರ ಮನಸ್ಸಲ್ಲಿ ಏನಿದೆ ಅಂತ ಗೊತ್ತಾಗ್ಲಿಲ್ಲ. ಕೀಬೋರ್ಡಲ್ಲಿ ಪ್ಲೀಸ್ ಅಂತ ಹುಡುಕಿದ್ರೂ ಇದೇ ಬರತ್ತೆ, ಥ್ಯಾಂಕ್ಸ್ ಅಂದ್ರೂ ಇದೇ, ಹೈ ಫೈವ್ ಅಂದ್ರೂ ಒಂದೊಂದ್ಸಲ ಇದೇ ಬರತ್ತೆ.’

ಆಮೇಲೆ ನನಗೆ ಪಾಠ ಮಾಡಿದಳು. ಕೇಳಿಕೊಳ್ಳುವ ಮಾತಿನ ಜೊತೆ ಬಂದರೆ ದಯವಿಟ್ಟು. ಕೆಲಸ ಆದ ಮೇಲೆ ಬಂದರೆ ಧನ್ಯವಾದ. ಹೂವು, ದೀಪ, ದೇವರ ಪಟದ ಜೊತೆಗೋ, ಆಸ್ಪತ್ರೆಯ ಸುದ್ದಿಯ ಕೆಳಗೋ ಬಂದರೆ ಪ್ರಾರ್ಥನೆ. ಅಳುವ ಮುಖದ ಜೊತೆ ಮೂರು ನಾಲ್ಕು ಸಲ ಬಂದರೆ ಅಂಗಲಾಚುವುದು. ಟ್ರೋಫಿ, ಪಟಾಕಿಯ ಜೊತೆ, ಗೆದ್ದ ಹುಮ್ಮಸ್ಸಿನಲ್ಲಿ ಬಂದರೆ ಹೈ ಫೈವ್. ಮಾತುಕತೆಯ ತುದಿಯಲ್ಲಿ ಒಂದೇ ಒಂದು ಬಂದರೆ ‘ಸರಿ, ಇನ್ನು ಸಾಕು’ ಎಂದು. ಒಂದು ನಿರ್ದಿಷ್ಟ ಮೆಸೇಜನ್ನೇ ಒತ್ತಿಹಿಡಿದು ಅದಕ್ಕೆ ಅಂಟಿಸಿದ್ದರೆ ಯಾವುದಕ್ಕೆ ಉತ್ತರ ಎಂದಾದರೂ ಗೊತ್ತಾಗುತ್ತಿತ್ತು. ಟೀಚರ್ ಹಾಗೆ ಅಂಟಿಸಿರಲಿಲ್ಲ. ನನ್ನ ನಾಲ್ಕು ಮೆಸೇಜುಗಳ ಕೆಳಗೆ ಬಿಡಿಯಾಗಿ ಇಟ್ಟಿದ್ದರು.

‘ಹಿಂಗೆ ಒಂಟಿಯಾಗಿ ಬಂದ್ರೆ?’

‘ಒಂಟಿಯಾಗಿ ಬಂದ್ರೆ ಅವರು ಮುಂಚೆ ಯಾವ್ಯಾವಾಗ ಹಾಕಿದಾರೆ ಅಂತ ಹಳೇ ಮೆಸೇಜ್ ನೋಡ್ಬೇಕು. ಇಲ್ಲಾಂದ್ರೆ ಕೇಳ್ಬೇಕು. ಹಾಡ್ತೀರಾ, ಇಲ್ವಾ? ಒಂದೇ ಸಾಲು. ಪುರಾಣ ಬೇಡ.’

‘ಅಯ್ಯೋ, ನಾನೂ ಕೈ ಮುಗ್ದು ಕಳ್ಸಿಯಾಗಿದೆ ಕಣೇ. ಮತ್ತೆ ಹೇಗೆ ಕೇಳೋದು?’

ಮಗಳಿಗೆ ಇದು ಅರ್ಥವಾಗಲಿಲ್ಲ. ಅವಳ ವಯಸ್ಸಿನವರಿಗೆ ಅರ್ಥವಾಗುವಂಥದ್ದಲ್ಲ. ಇಬ್ಬರೂ ಪರಸ್ಪರ ಕೈ ಮುಗಿದ ಮೇಲೆ ಆ ಮಾತು ಅಲ್ಲಿಗೆ ಆಯಿತು. ಬಾಗಿಲವರೆಗೆ ಬಂದು ಬೀಳ್ಕೊಟ್ಟವರ ಮನೆಯ ಗಂಟೆಯನ್ನು ಮತ್ತೆ ಒತ್ತಿ ‘ಅಂದ ಹಾಗೆ ನೀವು ಹೇಳಿದ್ದು ಹೌದು ಅಂತಲೋ ಇಲ್ಲ ಅಂತಲೋ?’ ಎಂದು ಕೇಳುವುದು ನಮ್ಮ ಪೈಕಿಯವರಿಗೆ ಆಗದ ಕೆಲಸ. ಹಳೆಯ ಮೆಸೇಜುಗಳನ್ನೂ ನೋಡಲಿಲ್ಲ. ಆ ವಾರ ಕೋಸಂಬರಿಯ ಚಿಂತೆ ಹೆಚ್ಚಿತ್ತು.

ಮೊದಲ ಹಾಡನ್ನು ಮತ್ತಿಕೆರೆಯಿಂದ ಬರುವ, ಈ ವರ್ಷ ಹೊಸದಾಗಿ ಸೇರಿದ ಹುಡುಗಿಗೆ ಕೊಟ್ಟೆವು. ಒಳ್ಳೆಯ ದನಿ. ಟೀಚರ್ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ, ಅವರಿಗೊಂದು ಹಾರ, ತಾಂಬೂಲ ಎಂದು ತೀರ್ಮಾನವಾಯಿತು. ಅವರಿಗೆ ನಮ್ಮ ಮೆಸೇಜ್ ಗ್ರೂಪಿನ ಗದ್ದಲ ಬೇಡವೆಂದು ನಾವೇ ಅವರನ್ನು ಸೇರಿಸಿರಲಿಲ್ಲ. ಹೀಗಾಗಿ ಅಲ್ಲಿ ಹಾಕಿದ ಹಾಡಿನ ಸರದಿ ಅವರಿಗೆ ಕಾಣಲಿಲ್ಲ. ಕರೆದುಕೊಂಡು ಹೋಗಲು ನಾನೇ ಆಟೋದಲ್ಲಿ ಬರುತ್ತೇನೆ ಎಂದು ತಿಳಿಸಿದಾಗ ಅವರು ಪೂರ್ತಿ ವಾಕ್ಯದಲ್ಲಿ ಉತ್ತರಿಸಿದರು: ‘ಸಂತೋಷ. ಸಿದ್ಧಳಾಗಿರುತ್ತೇನೆ.’

ಸಿದ್ಧರಾಗಿದ್ದರು. ಕಡುಗೆಂಪು ಅಂಚಿನ ಹಸಿರು ರೇಷ್ಮೆ ಸೀರೆ. ಒಂದು ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು, ಇನ್ನೊಂದರಲ್ಲಿ ಚಿಕ್ಕ ಸ್ಟೀಲ್ ಡಬ್ಬಿ. ಗಂಟಲು ಇನ್ನೂ ಸರಿಹೋಗಿಲ್ಲ ಪಾಪ ಎಂದುಕೊಂಡೆ. ಚಾಮರಾಜಪೇಟೆಯಿಂದ ಕಾಟನ್‌ಪೇಟೆಯ ಗಿಜಿಗಿಜಿ ದಾಟಿ ಮಲ್ಲೇಶ್ವರ ಸೇರುವವರೆಗೆ ಅವರು ಒಂದು ಮಾತೂ ಆಡಲಿಲ್ಲ. ‘ಸೀರೆ ಚೆನ್ನಾಗಿದೆ ಟೀಚರ್’ ಎಂದರೆ ತಲೆ ಆಡಿಸಿದರು. ‘ಗಾಳಿ ಜಾಸ್ತಿ ಆಯ್ತಾ?’ ಎಂದರೆ ಸೆರಗನ್ನು ಕತ್ತಿಗೆ ಸುತ್ತಿಕೊಂಡು ಪರವಾಗಿಲ್ಲವೆಂದು ಕೈ ಆಡಿಸಿದರು. ಹಾಡಲಾಗದ ಬೇಸರ ಎಂದು ನಾನು ಅದಕ್ಕೂ ಅರ್ಥ ಹಚ್ಚಿದೆ. ಅವರನ್ನು ಬೇಸರದಿಂದ ಆಚೆ ತರಬೇಕೆಂದು ದಾರಿಯುದ್ದಕ್ಕೂ ಗುಂಡಿಗಳ ಬಗ್ಗೆ, ಮೆಟ್ರೋ ಬಗ್ಗೆ, ಸಭಾಂಗಣದ ಡೀಸೆಲ್ ಬಗ್ಗೆ ಮಾತಾಡಿದೆ. ಆಟೋದವರೇ ಕೊನೆಗೆ ‘ಬಿಡಿ ಮೇಡಂ, ಕರೆಂಟ್ ಇರತ್ತೆ’ ಎಂದು ನನ್ನನ್ನು ಸಮಾಧಾನ ಮಾಡಿದರು.

ಕರೆಂಟ್ ಇತ್ತು. ಮೈಕು ಗಂಟೆಯ ಹಾಗೆ ಸ್ಪಷ್ಟ. ಮಳೆ ಬರಲಿಲ್ಲ. ಕುರ್ಚಿಗಳು ತುಂಬಿದವು. ಟೀಚರ್ ಮುಂದಿನ ಸಾಲಿನ ತುದಿಯಲ್ಲಿ, ವೇದಿಕೆಯ ಮೆಟ್ಟಿಲಿಗೆ ಹತ್ತಿರವಾಗಿ ಕೂತರು. ನಾನು ಪಕ್ಕದಲ್ಲಿ. ನಮ್ಮ ಯಜಮಾನಿ ಮೈಕಿನ ಮುಂದೆ ನಿಂತು ಸ್ವಾಗತದ ನಾಲ್ಕು ಮಾತು ಹೇಳಿದಳು. ಒಳಗೆ ಯಾರೋ ಶ್ರುತಿಪೆಟ್ಟಿಗೆ ಹಾಕಿದರು.

‘ಈಗ ಮೊದಲನೆಯದಾಗಿ ದೇವರನಾಮ...’

ಟೀಚರ್ ಫ್ಲಾಸ್ಕನ್ನು ನನ್ನ ಕೈಗೆ ಕೊಟ್ಟರು. ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಸರಿದರು. ಕಣ್ಣುಮುಚ್ಚಿ ಎದೆಯ ಮುಂದೆ ಎರಡೂ ಕೈ ಜೋಡಿಸಿದರು.

ಮೈಕಿನಲ್ಲಿ ಆ ಹುಡುಗಿಯ ಹೆಸರು ಬಂತು.

ಅವರು ಕಣ್ಣು ತೆರೆದರು. ಜೋಡಿಸಿದ ಕೈಗಳನ್ನು ಬಿಡಿಸಲಿಲ್ಲ. ಒಂದು ಕ್ಷಣ ಅವು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಗಾಳಿಯಲ್ಲೇ ನಿಂತವು. ಆಮೇಲೆ ಅವನ್ನು ನಿಧಾನವಾಗಿ ಮೇಲೆತ್ತಿ, ವೇದಿಕೆಯ ಮೇಲಿದ್ದ ದೇವಿಯ ಪಟದ ಕಡೆಗೆ ತಿರುಗಿ, ಕಣ್ಣಿಗೆ ಒತ್ತಿಕೊಂಡರು. ನನ್ನ ಆಚೆಗೆ ಕೂತಿದ್ದ ಅಪರಿಚಿತ ಹೆಂಗಸೊಬ್ಬರು ಅದನ್ನು ನೋಡಿ, ಮರೆತದ್ದು ನೆನಪಾದವರಂತೆ, ತಾವೂ ದೇವಿಗೆ ಕೈ ಮುಗಿದರು. ನೋಡಿದವರಿಗೆ ಅದು ಪ್ರಾರ್ಥನೆ. ಒಬ್ಬ ವೃದ್ಧೆಯ ಭಕ್ತಿ. ನನ್ನ ಕೈಯಲ್ಲಿದ್ದ ಫ್ಲಾಸ್ಕು ಇನ್ನೂ ಬೆಚ್ಚಗಿತ್ತು.

ಹುಡುಗಿ ಚೆನ್ನಾಗಿಯೇ ಹಾಡಿದಳು. ಹಾಡಿನುದ್ದಕ್ಕೂ ಟೀಚರ್ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ತುಟಿ ಆಡುತ್ತಿತ್ತು, ದನಿ ಇರಲಿಲ್ಲ. ಆಮೇಲೆ ಅವಳು ಕೆಳಗೆ ಬಂದು ಕಾಲಿಗೆ ನಮಸ್ಕರಿಸಿದಾಗ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದರು. ಕಲ್ಲುಸಕ್ಕರೆ, ನಾಲ್ಕಾರು ಕಾಳು ಮೆಣಸು. ‘ಬಾಯಲ್ಲಿಟ್ಕೋ ಮಗು. ಇನ್ನೂ ಗುಂಪುಹಾಡಿದೆಯಲ್ಲ’ ಎಂದರು. ಆ ಸಂಜೆ ಅವರ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. ಒಂದಿಷ್ಟೂ ಒಡೆದಿರಲಿಲ್ಲ.

ವಾಪಸ್ ಹೋಗುವಾಗ ಆಟೋದಲ್ಲಿ ಅವರು ಒಂದೇ ಸಮನೆ ಮಾತಾಡಿದರು. ಹೂವಿನ ಬಗ್ಗೆ, ಕೋಸಂಬರಿಗೆ ನಿಂಬೆಹುಳಿ ಸ್ವಲ್ಪ ಮುಂದಾದದ್ದರ ಬಗ್ಗೆ, ತಮ್ಮ ಕಾಲದ ಮಲ್ಲೇಶ್ವರದ ಬಗ್ಗೆ. ಗಾಳಿ ಮುಖಕ್ಕೆ ಹೊಡೆಯುತ್ತಿದ್ದರೂ ಸೆರಗು ಕತ್ತಿಗೆ ಸುತ್ತಿಕೊಳ್ಳಲಿಲ್ಲ. ಹೋಗುವಾಗಿನ ಮೌನ ಬೇಸರವಲ್ಲ, ದನಿಯನ್ನು ಕೂಡಿಟ್ಟುಕೊಂಡದ್ದು ಎಂಬುದು ನನಗೆ ಆಗ ಹೊಳೆಯಿತು. ಇನ್ನು ಕೂಡಿಡುವ ಅಗತ್ಯ ಅವರಿಗಿರಲಿಲ್ಲ.

ಹಬ್ಬ ಕಳೆದ ಮೇಲೆ ಚಾಮರಾಜಪೇಟೆಗೆ ಹೋದೆ. ಕಾಫಿ ಕೊಟ್ಟರು. ಕಿವಿಯ ಯಂತ್ರ ಹಾಕಿಕೊಂಡು ಎದುರಿಗೆ ಕೂತರು. ನಾನು ಸುತ್ತಿ ಬಳಸಿ, ಕೊನೆಗೆ ಮಗಳು ಹೇಳಿದ್ದ ಹಾಗೆ ಒಂದೇ ಸಾಲಿನಲ್ಲಿ ಕೇಳಿದೆ.

‘ಟೀಚರ್, ನೀವು ಹಾಡ್ಬೇಕು ಅಂತಲೇ ಬಂದಿದ್ರಾ?’

ಅವರು ನಕ್ಕರು. ‘ಬಿಡೇ ಈಗ ಅದನ್ನ.’

‘ಹೇಳಿ ಟೀಚರ್.’

‘ನೀನು ಹಾಡ್ತೀರಾ ಅಂತ ಕೇಳ್ದೆ. ನಾನು ಕೈ ಮುಗ್ದೆ. ಇನ್ನೇನು ಹೇಳೋದು? ಅಷ್ಟು ವರ್ಷ ಹೇಳ್ಕೊಟ್ಟಿದೀನಿ.’

‘ನಾನು... ನಿಮ್ಗೆ ಬೇಡ ಅಂತ ಅನ್ಕೊಂಡ್ಬಿಟ್ಟೆ.’

‘ಬೇಡ ಅನ್ನೋ ಹಾಗಿದ್ರೆ ಬೇಡ ಅಂತ ಬರೀತಿದ್ದೆ. ಕನ್ನಡ ಟೀಚರಲ್ವೇನೇ ನಾನು?’

‘ಮೆಸೇಜ್ ಬರೀತಾ ಇದ್ರಲ್ಲ ಟೀಚರ್ ಆಗ. ಏನು ಬರೀತಿದ್ರಿ?’

ಅವರು ಲೋಟ ಕೆಳಗಿಟ್ಟರು. ‘ಶ್ರುತಿ ಒಂದು ಮನೆ ಇಳಿಸಿ ಇಡ್ಲಿಕ್ಕೆ ಹೇಳು ಅಂತ. ಮೊದಲಿನ ಎತ್ತರಕ್ಕೆ ಈಗ ದನಿ ಹೋಗಲ್ಲ. ಒಂದು ಮನೆ ಕೆಳಗೆ ಚೆನ್ನಾಗಿ ನಿಲ್ಲತ್ತೆ, ಬೆಳಗಿನ ಹೊತ್ತು ಹಾಡಿ ನೋಡಿದ್ದೆ. ಅದನ್ನ ಬರೀತಿದ್ದೆ. ಅಷ್ಟ್ರಲ್ಲಿ ನೀನು ಕೈ ಮುಗ್ದು ಕಳ್ಸಿದ್ಯಲ್ಲ. ಸರಿ, ಇವಳಿಗೆ ಎಲ್ಲ ಗೊತ್ತಾಗಿದೆ, ಶ್ರುತಿ ವಿಷ್ಯ ಅಲ್ಲೇ ಹೇಳಿದ್ರಾಯ್ತು ಅಂತ ಅಳಿಸ್ಬಿಟ್ಟೆ.’

‘ಈಗ ಒಂದ್ಸಲ ಹಾಡಿ ಟೀಚರ್. ನಂಗೋಸ್ಕರ. ಫೋನಲ್ಲಿ ಶ್ರುತಿ ಇದೆ, ಇಳಿಸ್ತೀನಿ.’

‘ಈಗ ಆಗಲ್ಲ ಕಣೇ,’ ಎಂದರು. ಕೋಪವಿರಲಿಲ್ಲ, ಅದೇ ಕಷ್ಟವಾದದ್ದು. ‘ಆ ದಿನಕ್ಕೆ ಅಂತ ಇಟ್ಕೊಂಡಿದ್ದೆ. ಮೊನ್ನೆ ಡಾಕ್ಟ್ರು ಮತ್ತೆ ನೋಡಿದ್ರು. ಇನ್ನು ಹಾಡೋದು ಪೂರ್ತಿ ಬಿಡಿ ಅಂದ್ರು. ಹೂಂ ಅಂದೆ. ಇನ್ನೊಂಚೂರು ಕಾಫಿ ಹಾಕ್ಲಾ?’

ಬೇಡವೆನ್ನಲು ನನ್ನ ಎರಡೂ ಕೈಗಳು ತಾವಾಗಿಯೇ ಮೇಲೇಳುತ್ತಿದ್ದವು. ಅವನ್ನು ತಡೆದು, ‘ಬೇಡ ಟೀಚರ್, ಸಾಕು’ ಎಂದು ಬಾಯಲ್ಲೇ ಹೇಳಿದೆ.

ಬಸ್ ಸ್ಟಾಪಿನಲ್ಲಿ ನಿಂತು ಹಳೆಯ ಮೆಸೇಜುಗಳನ್ನು ಹಿಂದಕ್ಕೆ ಹಿಂದಕ್ಕೆ ಸರಿಸಿ ನೋಡಿದೆ. ಹುಟ್ಟುಹಬ್ಬಕ್ಕೆ ಶುಭಾಶಯ ಹೇಳಿದ್ದಕ್ಕೆ ಅವರ ಉತ್ತರ: ‘ಸಂತೋಷ. ನಿನಗೂ ಒಳ್ಳೆಯದಾಗಲಿ.’ ಪುಸ್ತಕ ತರಲು ಹೇಳಿದಾಗ: ‘ದಯವಿಟ್ಟು ಶನಿವಾರ ತೆಗೆದುಕೊಂಡು ಬಾ.’ ಮದುವೆಗೆ ಕರೆದಾಗ: ‘ಬರಲಾಗುವುದಿಲ್ಲ. ಕ್ಷಮಿಸು.’ ಯಾವುದರಲ್ಲೂ ಕೈ ಇರಲಿಲ್ಲ. ಕೈ ಇದ್ದದ್ದು ಒಂದೇ ಬಗೆಯ ಕಡೆ. ಹೊಸ ಹಾಡಿನ ಸಾಹಿತ್ಯ ಕಳಿಸುವಾಗಲೆಲ್ಲ ಮೊದಲು 🙏 ಬಿಡಿಯಾಗಿ ಬರುತ್ತಿತ್ತು. ಆಮೇಲೆ ನಿಧಾನವಾಗಿ, ಒಂದೇ ಬೆರಳಿನಲ್ಲಿ ಬರೆದ ಪಲ್ಲವಿ. ಮೊದ್ಲು ಕೈ, ಆಮೇಲೆ ಬಾಯಿ. ಎಷ್ಟು ಕೆಳಗಿನಿಂದ ಎಷ್ಟು ಮೇಲಕ್ಕೆ ಸರಿಸಿದರೂ ಹಾಗೆಯೇ ಇತ್ತು. ಬಸ್ಸು ಬಂದದ್ದನ್ನು ನಾನು ನೋಡಲಿಲ್ಲ, ಹೋದದ್ದನ್ನು ನೋಡಿದೆ.

ಮೈಕು ಕೈಕೊಡಲಿಲ್ಲ. ಕರೆಂಟು ಹೋಗಲಿಲ್ಲ. ಮಳೆ ಬರಲಿಲ್ಲ, ಸೌತೆಕಾಯಿ ಕಹಿ ಇರಲಿಲ್ಲ, ಮೆಟ್ಟಿಲಲ್ಲಿ ಯಾರೂ ಜಾರಲಿಲ್ಲ. ಎರಡನೆಯ ಚರಣ ನನಗೆ ಪೂರ್ತಿ ನೆನಪಿತ್ತು. ಅವರ ಹೆಸರಿನ ಕೆಳಗೆ ‘ಟೈಪಿಂಗ್’ ಎಂದು ಇನ್ನೂ ಕಾಣಿಸುತ್ತಿದ್ದಾಗ, ನಾನು ಕಾಯಲಿಲ್ಲ.